ನಿಮಗಿದು ಗೊತ್ತೇ? ಕೋಟಿ ಬಾಳುವ ಎಕರೆಗೆ ಕೋರ್ಟಿನಲ್ಲಿ ಬರೀ ಐವತ್ತು ರೂಪಾಯಿ!

ಹಾರೋಹಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ಬಂದ ಮೇಲೆ ಜಮೀನಿನ ಬೆಲೆ ಎಲ್ಲಿಗೆ ಏರಿದೆ, ನಿಮಗೇ ಗೊತ್ತು. ಆದರೆ ‘ಈ ಹೊಲ ನನ್ನದು, ಸ್ವಾಧೀನ ಕೊಡಿಸಿ’ ಎಂದು ದಾವೆ ಹೂಡಿ ನೋಡಿ. ಕಂದಾಯ ಕಟ್ಟುವ ಕೃಷಿ ಜಮೀನಾದರೆ, ಅದರ ಬೆಲೆ ವಾರ್ಷಿಕ ಕಂದಾಯದ 25 ಪಟ್ಟು ಮಾತ್ರ! 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 7ನೇ ಕಲಂ ಹೀಗೆ ಹೇಳುತ್ತದೆ. ಪಹಣಿಯಲ್ಲಿ ಎಕರೆಗೆ ಎರಡು ರೂಪಾಯಿ ಕಂದಾಯ ಇದೆ ಅನ್ನಿ. ಲೆಕ್ಕ ಹಾಕಿ, ಐವತ್ತೇ ರೂಪಾಯಿ!

ಯಾವ ಕೋರ್ಟು ಎಂಬುದನ್ನು ತೀರ್ಮಾನಿಸುವುದೂ ಇದೇ ಬೆಲೆ. ಹಾಗಾಗಿ ಕೋಟಿ ಬಾಳುವ ಹೊಲದ ದಾವೆ ಕಿರಿಯ ಶ್ರೇಣಿ ಸಿವಿಲ್ ನ್ಯಾಯಾಧೀಶರ ಮುಂದೆಯೇ ಹೋಗುತ್ತದೆ.

ಅದೇ ಹೊಲವನ್ನು ಒಂದು ಕೋಟಿಗೆ ಮಾರುತ್ತೇನೆಂದು ಕರಾರು ಮಾಡಿಕೊಂಡವರು ಕ್ರಯಪತ್ರ ಬರೆದುಕೊಡದಿದ್ದರೆ? ಆಗ ದಾವೆಯ ಬೆಲೆ ಪೂರ್ತಿ ಒಂದು ಕೋಟಿ. ಹೋಗಬೇಕಾದ್ದು ಹಿರಿಯ ಶ್ರೇಣಿ ನ್ಯಾಯಾಧೀಶರ ಬಳಿಗೆ. ಹೊಲ ಒಂದೇ, ಕೋರ್ಟು ಬೇರೆ!

ದಾವೆಯ ಬೆಲೆ ತಪ್ಪಾಗಿದೆ ಅನಿಸಿದರೆ ಪ್ರತಿವಾದಿ ಕೂಡಲೇ ಬಾಯಿ ಬಿಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಕಲಂ ಇಲ್ಲಿ ಬಲು ಬಿಗಿ. ಮೊದಲ ಕೋರ್ಟಿನಲ್ಲೇ, ವಿವಾದಾಂಶ ರೂಪಿಸುವುದರೊಳಗೆ ಆಕ್ಷೇಪ ಬರಬೇಕು. ಸೋತ ಮೇಲೆ ಮೇಲ್ಮನವಿಯಲ್ಲಿ ಹೊಸದಾಗಿ ಎತ್ತಿದರೆ ಕೇಳುವವರಿಲ್ಲ. ಮೊದಲೇ ಆಕ್ಷೇಪಿಸಿದ್ದರೂ, ಕೋರ್ಟು ತಪ್ಪಿದ್ದರಿಂದ ನ್ಯಾಯಕ್ಕೇ ಧಕ್ಕೆಯಾಯಿತು ಎಂದು ತೋರಿಸಬೇಕು!

‘1974ರ ಮಾರ್ಚ್ 1ಕ್ಕೆ ಮೊದಲೇ ಈ ಜಮೀನಿಗೆ ನಾನು ಗೇಣಿದಾರ’ ಎಂದು ಪ್ರತಿವಾದಿ ಹೇಳಿದರೆ ಏನಾಗುತ್ತದೆ ಗೊತ್ತೇ? ಆ ಪ್ರಶ್ನೆಯನ್ನು ತೀರ್ಮಾನಿಸುವ ಅಧಿಕಾರವೇ ಸಿವಿಲ್ ಕೋರ್ಟಿಗಿಲ್ಲ. ದಾವೆಯನ್ನು ತಡೆಹಿಡಿದು, ಅದನ್ನು ಭೂ ನ್ಯಾಯಮಂಡಳಿಗೆ ಒಪ್ಪಿಸಬೇಕು. ಎರಡೂ ಕಡೆಯವರು ‘ನೀವೇ ಹೇಳಿ ಸ್ವಾಮಿ’ ಎಂದು ಒಪ್ಪಿಕೊಂಡರೂ ಬಾರದ ಅಧಿಕಾರ ಬಾರದು!

ಇನ್ನು ಊರಿನ ಮಾತು. ವಾದಿ, ಪ್ರತಿವಾದಿ ಇಬ್ಬರೂ ಜಯನಗರದವರೇ ಇರಲಿ. ಹಾರೋಹಳ್ಳಿ ಜಮೀನಿನ ಹಕ್ಕಿನ ದಾವೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಬಾರದು. ಜಮೀನು ಎಲ್ಲಿದೆಯೋ ಅಲ್ಲಿನ ಕೋರ್ಟಿಗೇ ನಾವು ಹೋಗಬೇಕು. ಒಂದು ಸಮಾಧಾನ: ಪಾಲಿನ ದಾವೆಯಲ್ಲಿ ಒಂದು ಜಮೀನು ಹಾರೋಹಳ್ಳಿಯಲ್ಲಿ, ಇನ್ನೊಂದು ಚನ್ನಪಟ್ಟಣದಲ್ಲಿ ಇದ್ದರೆ ಎರಡರಲ್ಲಿ ಯಾವ ಕಡೆಯಾದರೂ ಹೂಡಬಹುದು.

ಕರಾರಿನಲ್ಲಿ ಊರು ಬರೆದುಕೊಂಡರೆ ಸಾಕಲ್ಲವೇ? ಸಾಲದು! ಡಿಎಲ್‌ಎಫ್ ಪ್ರಕರಣದಲ್ಲಿ ನಿವೇಶನ ಇದ್ದದ್ದು ಗುರುಗ್ರಾಮದಲ್ಲಿ, 1988ರಲ್ಲಿ ದಾವೆ ಹೂಡಿದ್ದು ದೆಹಲಿಯಲ್ಲಿ. ಕರಾರಿನಲ್ಲಿ ದೆಹಲಿ ಎಂದೇ ಇತ್ತು. ಪ್ರತಿವಾದಿ ಕಂಪನಿ ಮೊದಲು ತನ್ನ ಲಿಖಿತ ಹೇಳಿಕೆಯಲ್ಲಿ ವ್ಯಾಪ್ತಿಯನ್ನು ಒಪ್ಪಿಯೂ ಇತ್ತು. ವರ್ಷಗಳ ಮೇಲೆ ತಕರಾರು ತೆಗೆಯಿತು. 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ದೆಹಲಿಗೆ ಅಧಿಕಾರವಿಲ್ಲ! ಹದಿನೇಳು ವರ್ಷದ ಮೇಲೆ ಬಂದ ಮಾತು ಇದು. ನನಗಂತೂ ಓದಿ ಸಂಕಟವೇ ಆಯಿತು.

ಹೀಗಾದಾಗ ದಾವೆ ವಜಾ ಆಗುವುದಿಲ್ಲ. ಸರಿಯಾದ ಕೋರ್ಟಿಗೆ ಹಾಕಿಕೊಳ್ಳಿ ಎಂದು ದಾವಾಪತ್ರವನ್ನು ವಾದಿಯ ಕೈಗೇ ಮರಳಿಸುತ್ತಾರೆ. ಪ್ರಾಮಾಣಿಕವಾಗಿ, ಶ್ರದ್ಧೆಯಿಂದ ನಡೆಸಿದ್ದರೆ, ತಪ್ಪು ಕೋರ್ಟಿನಲ್ಲಿ ಕಳೆದ ಅಷ್ಟೂ ದಿನಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಟ್ಟುಬಿಡುತ್ತಾರೆ!