ಹೊಗೆ ಇದ್ದಲ್ಲಿ ಬೆಂಕಿ ಸರಿ, ಬೆಂಕಿ ಇದ್ದಲ್ಲೆಲ್ಲ ಹೊಗೆಯೇ?

ದೂರದ ಬೆಟ್ಟದ ಮೇಲೆ ಹೊಗೆ ಏಳುತ್ತಿದೆ. ಬೆಂಕಿ ಮಾತ್ರ ಕಾಣುತ್ತಿಲ್ಲ. ಅಲ್ಲಿ ಬೆಂಕಿ ಇದೆ ಎಂದು ಖಚಿತವಾಗಿ ಹೇಳಬಹುದೆ? ನ್ಯಾಯಶಾಸ್ತ್ರ ಕಲಿಯಲು ಕೂತವರಿಗೆ ತಲೆಮಾರುಗಳಿಂದ ಮೊದಲು ಎದುರಾಗುವ ಪ್ರಶ್ನೆ ಇದು. ಅನ್ನಂಭಟ್ಟರು 17ನೇ ಶತಮಾನದಲ್ಲಿ ಹೊಸ ವಿದ್ಯಾರ್ಥಿಗಳಿಗೆಂದು ಬರೆದ ‘ತರ್ಕಸಂಗ್ರಹ’ದಲ್ಲಿ ಇದರ ಹಿಂದಿನ ನಿಯಮ ಎರಡು ರೂಪದಲ್ಲಿ ಬರುತ್ತದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡಂತೆ. ಇದು ಅನ್ವಯ ವ್ಯಾಪ್ತಿ. ಎಲ್ಲಿ ಬೆಂಕಿ ಇಲ್ಲವೋ ಅಲ್ಲಿ ಹೊಗೆಯೂ ಇಲ್ಲ, ದೊಡ್ಡ ಮಡುವಿನಲ್ಲಿ ಕಂಡಂತೆ. ಇದು ವ್ಯತಿರೇಕ ವ್ಯಾಪ್ತಿ.

ಎರಡನೆಯ ರೂಪದಲ್ಲಿ ಒಂದು ಸೂಕ್ಷ್ಮವಿದೆ. ಹೊಗೆ, ಬೆಂಕಿ ಎರಡಕ್ಕೂ ‘ಇಲ್ಲ’ ಸೇರಿಸಿದ್ದಷ್ಟೇ ಅಲ್ಲ, ಅವುಗಳ ಜಾಗವನ್ನೂ ಅದಲುಬದಲು ಮಾಡಲಾಗಿದೆ. ಈಗ ಕಾಲೇಜಿನ ಗಣಿತದಲ್ಲಿ ಇದಕ್ಕೆ ಕಾಂಟ್ರಾಪಾಸಿಟಿವ್ ಎನ್ನುತ್ತಾರೆ. ಜಾಗ ಮಾತ್ರ ಬದಲಿಸಿ, ‘ಬೆಂಕಿ ಇದ್ದರೆ ಹೊಗೆ ಇರುತ್ತದೆ’ ಎಂದರೆ ಅದು ವಿಲೋಮ. ಜಾಗ ಹಾಗೇ ಬಿಟ್ಟು ‘ಇಲ್ಲ’ ಮಾತ್ರ ಸೇರಿಸಿ, ‘ಹೊಗೆ ಇಲ್ಲದಿದ್ದರೆ ಬೆಂಕಿ ಇಲ್ಲ’ ಎಂದರೆ ಅದು ಇನ್ವರ್ಸ್. ಹೀಗೆ ಒಂದೇ ಮಾತಿನಿಂದ ಮೂರು ಮಾತು ಹುಟ್ಟುತ್ತವೆ. ಕಿವಿಗೆ ನಾಲ್ಕೂ ಅಣ್ಣತಮ್ಮಂದಿರಂತೆ ಕೇಳಿಸುತ್ತವೆ. ಆದರೆ ಮೂಲ ಮಾತು ನಿಜವಾದರೆ ಇವುಗಳಲ್ಲಿ ಯಾವುದನ್ನು ಕಣ್ಣುಮುಚ್ಚಿ ನಂಬಬಹುದು?

ಇದನ್ನು ತೀರ್ಮಾನಿಸಲು ನೇರವಾದ ದಾರಿಯೊಂದಿದೆ. ಪ್ರತಿಯೊಂದು ಮಾತಿಗೂ ‘ನೀನು ಸುಳ್ಳಾಗಬೇಕಾದರೆ ನನಗೆ ಎಂಥ ಜಾಗ ಸಿಗಬೇಕು?’ ಎಂದು ಕೇಳಬೇಕು. ‘ಹೊಗೆ ಇದ್ದರೆ ಬೆಂಕಿ ಇದೆ’ ಎಂಬುದು ಸುಳ್ಳಾಗಲು ಹೊಗೆ ಇದ್ದೂ ಬೆಂಕಿ ಇಲ್ಲದ ಜಾಗ ಬೇಕು. ‘ಬೆಂಕಿ ಇಲ್ಲದಿದ್ದರೆ ಹೊಗೆ ಇಲ್ಲ’ ಎಂಬುದು ಸುಳ್ಳಾಗಲು ಬೆಂಕಿ ಇಲ್ಲದೆಯೂ ಹೊಗೆ ಇರುವ ಜಾಗ ಬೇಕು. ಎರಡೂ ಒಂದೇ ಜಾಗ! ಒಂದನ್ನು ಕೆಡವದೆ ಇನ್ನೊಂದನ್ನು ಕೆಡವಲಾಗದು. ಆದ್ದರಿಂದ ಮೂಲ ಮಾತೂ ಕಾಂಟ್ರಾಪಾಸಿಟಿವ್ವೂ ಸಮಾನ. ನಿಜವಾದರೆ ಎರಡೂ ನಿಜ, ಸುಳ್ಳಾದರೆ ಎರಡೂ ಸುಳ್ಳು.

ಇದೇ ಪ್ರಶ್ನೆಯನ್ನು ಉಳಿದೆರಡಕ್ಕೆ ಕೇಳಿ. ‘ಬೆಂಕಿ ಇದ್ದರೆ ಹೊಗೆ’ ಎಂಬುದನ್ನು ಕೆಡವಲು ಬೆಂಕಿ ಇದ್ದೂ ಹೊಗೆ ಇಲ್ಲದ ಜಾಗ ಸಾಕು. ‘ಹೊಗೆ ಇಲ್ಲದಿದ್ದರೆ ಬೆಂಕಿ ಇಲ್ಲ’ ಎಂಬುದನ್ನು ಕೆಡವಲೂ ಅದೇ ಸಾಕು. ಅಂದರೆ ವಿಲೋಮ ಮತ್ತು ಇನ್ವರ್ಸ್ ಪರಸ್ಪರ ಸಮಾನ, ಆದರೆ ಮೂಲ ಮಾತಿನ ಸತ್ಯಕ್ಕೆ ಅವು ಬದ್ಧವಲ್ಲ. ನಮ್ಮ ತಾರ್ಕಿಕರು ಆ ಜಾಗವನ್ನೂ ತೋರಿಸಿಕೊಟ್ಟಿದ್ದಾರೆ: ಕುಲುಮೆಯಿಂದ ಹೊರತೆಗೆದ, ಕೆಂಪಗೆ ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಅಷ್ಟಕ್ಕೇ ನಿಲ್ಲಿಸದೆ ಕಾರಣವನ್ನೂ ಹೇಳುತ್ತಾರೆ. ಹೊಗೆ ಬರಲು ಬೆಂಕಿಯೊಂದೇ ಸಾಲದು, ಹಸಿ ಸೌದೆಯೂ ಬೇಕು. ಮಾತನ್ನು ತಿರುಗಿಸುವಾಗ ಕೈಬಿಟ್ಟುಹೋದ ಈ ಷರತ್ತಿಗೆ ಅವರು ಉಪಾಧಿ ಎಂದು ಹೆಸರಿಟ್ಟರು. ವಿಲೋಮ ಸುಳ್ಳೆಂದು ತಿಳಿಸಿ ಸುಮ್ಮನಾಗದೆ, ಅದು ಎಲ್ಲಿ ಸೋತಿತು ಎಂದು ಬೆರಳಿಟ್ಟು ತೋರಿಸುವ ಈ ಹೆಜ್ಜೆ ನನಗೆ ಬಹಳ ಮುಖ್ಯವೆನಿಸುತ್ತದೆ.

ಇಷ್ಟು ಸ್ಪಷ್ಟವಿದ್ದರೂ ನಾವು ಎಡವುವುದೇಕೆ? ದಿನಬಳಕೆಯ ಮಾತು ನಮಗೆ ಬೇರೆ ಅಭ್ಯಾಸ ಮಾಡಿಸಿರುತ್ತದೆ. ‘ಹೋಂವರ್ಕ್ ಮುಗಿಸಿದ್ರೆ ಆಟಕ್ಕೆ ಬಿಡ್ತೀನಿ’ ಎಂದು ಅಮ್ಮ ಹೇಳಿದರೆ, ಮುಗಿಸದಿದ್ದರೆ ಬಿಡುವುದಿಲ್ಲ ಎಂದೇ ಮಗು ತಿಳಿಯುತ್ತದೆ. ಅಮ್ಮನ ಮನಸ್ಸಿನಲ್ಲೂ ಅದೇ ಇರುತ್ತದೆ. ಆಡಿದ್ದು ಒಂದು ಮಾತು, ಅದರ ಇನ್ವರ್ಸ್ ಆಡದೆಯೇ ತಲುಪಿತು. ಮನೆಯಲ್ಲಿ ಇದರಿಂದ ತೊಂದರೆಯಿಲ್ಲ. ಅದೇ ಕಿವಿಯಿಂದ ಸರ್ಕಾರಿ ಆದೇಶವನ್ನೋ ಗಣಿತದ ಪ್ರಮೇಯವನ್ನೋ ಕೇಳಿಸಿಕೊಂಡಾಗ, ಯಾರೂ ಕೊಡದ ಭರವಸೆಯನ್ನು ನಾವೇ ಸೇರಿಸಿಕೊಳ್ಳುತ್ತೇವೆ.

ವಿಲೋಮ ಯಾವಾಗಲೂ ಸುಳ್ಳು ಎಂದಲ್ಲ. ಪಾಯ ಹಾಕುವ ಮೇಸ್ತ್ರಿ ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಆ ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರುವ ಹಾಗೆ ದಾರ ಸರಿಸುತ್ತಾನೆ. ಬಂದರೆ ಮೂಲೆ ಮಟ್ಟವಾಯಿತು. ಅವನು ಬಳಸಿದ್ದು ಪೈಥಾಗೊರಸ್ ಪ್ರಮೇಯವನ್ನಲ್ಲ, ಅದರ ವಿಲೋಮವನ್ನು. ಯೂಕ್ಲಿಡ್ ತನ್ನ ಮೊದಲ ಪುಸ್ತಕದಲ್ಲಿ 47ನೆಯದಾಗಿ ಪ್ರಮೇಯವನ್ನು ಸಾಧಿಸಿದ ಮೇಲೆ, 48ನೆಯದಾಗಿ ವಿಲೋಮಕ್ಕೆ ಪ್ರತ್ಯೇಕ ಸಾಧನೆ ಕೊಟ್ಟ. ಅದು ಪುಕ್ಕಟೆ ಸಿಕ್ಕಿದ್ದಲ್ಲ. 5 ಅಡಿ ಬರದಿದ್ದರೆ ಮೂಲೆ ಮಟ್ಟವಿಲ್ಲ ಎಂಬುದಕ್ಕೆ ಮಾತ್ರ 47ನೆಯದೇ ಸಾಕು, ಅದು ಅದರ ಕಾಂಟ್ರಾಪಾಸಿಟಿವ್.

ಇದನ್ನೆಲ್ಲ ಮರೆತರೆ ಏನಾಗುತ್ತದೆ ಎಂಬುದನ್ನು ಒಂದು ಸಂಖ್ಯೆ ಚೆನ್ನಾಗಿ ತೋರಿಸುತ್ತದೆ. ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ ಕಂಡುಕೊಂಡ ನಿಯಮದಿಂದ ಹೀಗೆ ಹೇಳಬಹುದು: ಒಂದು ಸಂಖ್ಯೆ ಅವಿಭಾಜ್ಯವಾಗಿದ್ದರೆ, 2ನ್ನು ಅಷ್ಟು ಸಲ ಗುಣಿಸಿ 2 ಕಳೆದಾಗ ಬರುವ ಮೊತ್ತ ಆ ಸಂಖ್ಯೆಯಿಂದ ಶೇಷವಿಲ್ಲದೆ ಭಾಗವಾಗುತ್ತದೆ. 5ಕ್ಕೆ 2⁵ − 2 = 30, ಭಾಗವಾಯಿತು. 7ಕ್ಕೆ 2⁷ − 2 = 126, ಅದೂ ಆಯಿತು. ಈಗ 9 ತೆಗೆದುಕೊಳ್ಳಿ. 2⁹ − 2 = 510; 9ರಿಂದ ಭಾಗಿಸಿದರೆ 6 ಉಳಿಯುತ್ತದೆ. ಆದ್ದರಿಂದ 9 ಅವಿಭಾಜ್ಯವಲ್ಲ. ಮೂರರ ಮಗ್ಗಿಯನ್ನು ನೆನೆಯಬೇಕಾಗಲೇ ಇಲ್ಲ. ಅಪವರ್ತನ ಯಾವುದೆಂದು ಗೊತ್ತಿಲ್ಲದೆಯೇ ‘ಇದು ಅವಿಭಾಜ್ಯವಲ್ಲ’ ಎಂದು ಪೂರ್ತಿ ಖಚಿತವಾಗಿ ಹೇಳುವ ಈ ಶಕ್ತಿ ಕಾಂಟ್ರಾಪಾಸಿಟಿವ್‌ನದು. ನೂರಾರು ಅಂಕಿಗಳ ಸಂಖ್ಯೆಗೂ ಅದು ನಡೆಯುತ್ತದೆ.

ವಿಲೋಮದ ಗತಿ ಏನು? ಭಾಗವಾದರೆ ಅವಿಭಾಜ್ಯ ಎಂದುಬಿಡಬಹುದೆ? 2ರಿಂದ 340ರ ತನಕ ಒಂದೊಂದನ್ನೇ ಪರೀಕ್ಷಿಸಿದರೂ ತಪ್ಪು ಸಿಗುವುದಿಲ್ಲ. 341ರಲ್ಲಿ ಸಿಗುತ್ತದೆ. 1819ರಲ್ಲಿ ಸಾರ್ಯು ಎಂಬ ಫ್ರೆಂಚ್ ಗಣಿತಜ್ಞ ಇದನ್ನು ಗುರುತಿಸಿದ. ಲೆಕ್ಕ ಕೈಯಲ್ಲೇ ಆಗುವಂಥದ್ದು. 2ನ್ನು ಹತ್ತು ಸಲ ಗುಣಿಸಿದರೆ 1024. 341ರ ಮೂರರಷ್ಟು 1023. ಹಾಗಾಗಿ ಶೇಷ 1. ಹತ್ತು ಹತ್ತರ ಇಂಥ 34 ಗುಂಪು ಸೇರಿದರೆ 2³⁴⁰. ಶೇಷ 1ನ್ನು ಎಷ್ಟು ಸಲ ಗುಣಿಸಿದರೂ 1ೇ. ಇನ್ನೊಂದು 2 ಸೇರಿಸಿದರೆ ಶೇಷ 2, ಅದನ್ನು ಕಳೆದರೆ ಸೊನ್ನೆ. 341 ಪರೀಕ್ಷೆಯಲ್ಲಿ ಪಾಸು. ಆದರೆ 341 = 11 × 31! ಈ ಒಂದು ಸಂಖ್ಯೆ ವಿಲೋಮವನ್ನು ಕೆಡವಿತು. ‘ಅವಿಭಾಜ್ಯವಲ್ಲದಿದ್ದರೆ ಭಾಗವಾಗದು’ ಎಂಬ ಇನ್ವರ್ಸ್ ಕೂಡ ಅದರ ಜೊತೆಗೇ ಬಿತ್ತು. ಫರ್ಮಾನ ನಿಯಮಕ್ಕೂ ಅದರ ಕಾಂಟ್ರಾಪಾಸಿಟಿವ್‌ಗೂ ಗೀರು ಕೂಡ ಬೀಳಲಿಲ್ಲ.

2ರ ಬದಲು 3ನ್ನು ಗುಣಿಸುತ್ತ ಹೋದರೆ 341 ಸಿಕ್ಕಿಬೀಳುತ್ತದೆ, ಶೇಷ ಉಳಿಯುತ್ತದೆ. ಹಾಗಾದರೆ ಹಲವು ಸಂಖ್ಯೆಗಳಿಂದ ಪರೀಕ್ಷಿಸಿದರೆ ಸಾಕೆ? 561 ಅದಕ್ಕೂ ಬಗ್ಗುವುದಿಲ್ಲ. ಅದು 3 × 11 × 17. ಆದರೂ 2, 3, 5, ಯಾವುದನ್ನು ಹಿಡಿದು ಗುಣಿಸಿದರೂ ಶೇಷವಿಲ್ಲದೆ ಭಾಗವಾಗುತ್ತದೆ. ಇಂಥವನ್ನು 20ನೇ ಶತಮಾನದ ಆರಂಭದಲ್ಲಿ ಅಧ್ಯಯನ ಮಾಡಿದ ಅಮೆರಿಕದ ಕಾರ್ಮೈಕೆಲ್‌ನ ಹೆಸರೇ ಅವಕ್ಕೆ ಇದೆ. ಅದಕ್ಕೇ ಗುಪ್ತಲಿಪಿಗಾಗಿ ದೊಡ್ಡ ಅವಿಭಾಜ್ಯಗಳನ್ನು ಹುಡುಕುವ ಪ್ರೋಗ್ರಾಮುಗಳು ಸಾಮಾನ್ಯವಾಗಿ ಇದಕ್ಕಿಂತ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆ ಬಳಸುತ್ತವೆ. ಅಲ್ಲೂ ಫೇಲಾದ ಸಂಖ್ಯೆಗೆ ‘ಅವಿಭಾಜ್ಯವಲ್ಲ’ ಎಂಬ ಕೊನೆಯ ತೀರ್ಪು ಸಿಗುತ್ತದೆ; ಪಾಸಾದದ್ದಕ್ಕೆ ಸಿಗುವುದು ‘ಬಹುಶಃ ಅವಿಭಾಜ್ಯ’ ಎಂಬ ಚೀಟಿ ಮಾತ್ರ.