‘ತನಿಖೆ ನಡೆಯುತ್ತಿದೆ’ ಎಂಬ ಹಿಂಬರಹ ಬಂದರೆ

ಊರಿನ ಕಾಂಕ್ರೀಟ್ ರಸ್ತೆ ವರ್ಷ ತುಂಬುವ ಮೊದಲೇ ಕಿತ್ತುಹೋಗಿದೆ ಎಂದುಕೊಳ್ಳಿ. ಅಂದಾಜುಪಟ್ಟಿ, ಅಳತೆ ಪುಸ್ತಕ ಮತ್ತು ಬಿಲ್ಲಿನ ನಕಲು ಕೇಳಿ ನೀವು ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತೀರಿ. ಹಿಂಬರಹದಲ್ಲಿ ಒಂದೇ ಸಾಲು: ‘ಸದರಿ ಕಾಮಗಾರಿಯ ಬಗ್ಗೆ ತನಿಖೆ ನಡೆಯುತ್ತಿರುವುದರಿಂದ ಕಲಂ 8(1)(ಎಚ್) ಪ್ರಕಾರ ಮಾಹಿತಿ ನೀಡಲು ಅವಕಾಶವಿರುವುದಿಲ್ಲ.’ ಎಷ್ಟೋ ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ಆದರೆ ಈ ಸಾಲು ಕಾನೂನಿನ ಮುಂದೆ ಸುಲಭವಾಗಿ ನಿಲ್ಲುವಂಥದ್ದಲ್ಲ.

2005ರ ಮಾಹಿತಿ ಹಕ್ಕು ಕಾಯ್ದೆಯ ಈ ಕಲಂ ತನಿಖೆ ಇದ್ದ ಮಾತ್ರಕ್ಕೆ ಕಡತ ಮುಚ್ಚಿಡಿ ಎನ್ನುವುದಿಲ್ಲ. ಮಾಹಿತಿ ಕೊಟ್ಟರೆ ತನಿಖೆಗೆ, ಆರೋಪಿಗಳ ಬಂಧನಕ್ಕೆ ಅಥವಾ ವಿಚಾರಣೆಗೆ ಅಡ್ಡಿಯಾಗುವಂತಿರಬೇಕು. ಭಗತ್ ಸಿಂಗ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2007ರಲ್ಲಿ ಇದನ್ನೇ ಹೇಳಿತು: ತನಿಖೆ ನಡೆಯುತ್ತಿದೆ ಎಂಬುದಷ್ಟೇ ನಿರಾಕರಣೆಗೆ ಆಧಾರವಾಗದು, ಹೇಗೆ ಅಡ್ಡಿಯಾಗುತ್ತದೆಂದು ಅಧಿಕಾರಿ ತೋರಿಸಬೇಕು. ಬಿಲ್ ಪಾವತಿಯಾದ ಕಾಮಗಾರಿಯ ಅಳತೆಯನ್ನು ನೀವು ನೋಡಿದರೆ ತನಿಖೆಗೆ ಏನು ಅಡ್ಡಿ? ನಿಮ್ಮ ಮೇಲ್ಮನವಿಯ ತಿರುಳು ಈ ಪ್ರಶ್ನೆಯೇ.

ಹಿಂಬರಹ ಕೈಸೇರಿದ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಲೆಕ್ಕ ಶುರುವಾಗುವುದು ಪತ್ರದ ಮೇಲಿನ ತಾರೀಖಿನಿಂದಲ್ಲ, ಅದು ನಿಮಗೆ ತಲುಪಿದ ದಿನದಿಂದ. ಹಾಗಾಗಿ ಅಂಚೆ ಮುದ್ರೆಯಿರುವ ಲಕೋಟೆಯನ್ನು ಎಸೆಯಬೇಡಿ. ಮೇಲ್ಮನವಿ ಕೇಳುವವರು ಮಾಹಿತಿ ಅಧಿಕಾರಿಗಿಂತ ಮೇಲಿನ ದರ್ಜೆಯ ಅಧಿಕಾರಿ. ಅವರ ವಿವರ ಮತ್ತು ಗಡುವನ್ನು ಹಿಂಬರಹದಲ್ಲೇ ತಿಳಿಸಬೇಕೆಂದು ಕಲಂ 7(8) ಹೇಳುತ್ತದೆ. ಅವು ಇಲ್ಲದಿದ್ದರೆ ಆ ಲೋಪವನ್ನೂ ಬರೆಯಿರಿ.

ಮನವಿ ಒಂದು ಪುಟ ಇದ್ದರೆ ಸಾಕು. ಅರ್ಜಿಯ ದಿನಾಂಕ, ಕೇಳಿದ ದಾಖಲೆ, ಹಿಂಬರಹದ ಸಂಖ್ಯೆ ನಮೂದಿಸಿ. ನಂತರ ಮೂರು ಮಾತು ಬರೆಯಿರಿ. ಒಂದು, ಅಡ್ಡಿ ಹೇಗೆಂದು ಹಿಂಬರಹದಲ್ಲಿ ವಿವರಿಸಿಲ್ಲ. ಎರಡು, ನಿರಾಕರಣೆ ಸರಿಯೆಂದು ಸಾಬೀತುಪಡಿಸುವ ಹೊಣೆ ಕಲಂ 19(5)ರಂತೆ ಮಾಹಿತಿ ಅಧಿಕಾರಿಯದು. ಮೂರು, ಕೆಲವು ಪುಟಗಳನ್ನು ಕೊಡಲಾಗದಿದ್ದರೆ ಕಲಂ 10ರಂತೆ ಅವನ್ನು ಬೇರ್ಪಡಿಸಿ ಉಳಿದವನ್ನು ಕೊಡಿಸಬೇಕು. ಅರ್ಜಿ ಮತ್ತು ಹಿಂಬರಹದ ನಕಲು ಲಗತ್ತಿಸಿ, ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ ಇಲ್ಲವೇ ಸ್ಪೀಡ್ ಪೋಸ್ಟ್ ಮಾಡಿ.

ಮೇಲ್ಮನವಿಯಲ್ಲಿ ಹೊಸ ದಾಖಲೆ ಕೇಳಬೇಡಿ. ಅದಕ್ಕೆ ಬೇರೆ ಅರ್ಜಿ ಬೇಕು. ದಂಡ ಹಾಕಿ ಎಂದು ಕೇಳಿಯೂ ಪ್ರಯೋಜನವಿಲ್ಲ, ಆ ಅಧಿಕಾರ ಇರುವುದು ಮಾಹಿತಿ ಆಯೋಗಕ್ಕೆ ಮಾತ್ರ.

ತೀರ್ಮಾನ 30 ದಿನಗಳಲ್ಲಿ ಆಗಬೇಕು. ಕಾರಣ ದಾಖಲಿಸಿದರೆ 45 ದಿನಗಳವರೆಗೆ ಹೋಗಬಹುದು. ಆದೇಶ ನಿಮ್ಮ ವಿರುದ್ಧ ಬಂದರೆ ಅಥವಾ ಬಾರದೇ ಹೋದರೆ, 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಆಯೋಗ ನೋಡುವುದು ಮೊದಲ ಮನವಿಯಲ್ಲಿ ನೀವು ಏನು ಬರೆದಿದ್ದಿರಿ ಎಂಬುದನ್ನೇ. ಆ ಒಂದು ಪುಟವನ್ನು ಅವಸರಪಡದೆ ಬರೆಯಿರಿ.