ಎರಡು ಗ್ರಾಂ, ಎರಡು ಚುಕ್ಕೆ

"ಅಪ್ಪನ ಎಲ್‌ಪಿಗಳನ್ನ ಕೇಳೋಣ ಅಂತ ಟರ್ನ್‌ಟೇಬಲ್ ತಗೊಂಡೆ ಕಣಯ್ಯ. ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತೆ. ರೆಕಾರ್ಡುಗಳೆಲ್ಲ ಸವೆದುಹೋಗಿರಬೇಕು" ಎಂದು ಭಾವ ಫೋನಿನಲ್ಲಿ ಅಲವತ್ತುಕೊಂಡರು. ರೆಕಾರ್ಡಿನ ಮೇಲೆ ತಪ್ಪು ಹೊರಿಸುವ ಮುಂಚೆ ಒಮ್ಮೆ ನೋಡೋಣ ಇರಿ ಎಂದೆ. ಭಾನುವಾರ ಸಣ್ಣ ಸ್ಕ್ರೂಡ್ರೈವರ್, ಬೆಳ್ಳಿ ತೂಗುವವರ ಬಳಿ ಇರುವಂಥ ಒಂದು ಪುಟಾಣಿ ಡಿಜಿಟಲ್ ತಕ್ಕಡಿ, ಎರಡು ಚುಕ್ಕೆ ಅಚ್ಚಾದ ಒಂದು ರಟ್ಟು ಹಿಡಿದು ಅವರ ಮನೆಗೆ ಹೋದೆ.

ಸೊಳ್ಳೆಯ ದನಿಗೆ ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಟರ್ನ್‌ಟೇಬಲಿನ ವೈರನ್ನು ಭಾವ ನೇರವಾಗಿ ಆಂಪ್ಲಿಫೈಯರಿನ ಆಕ್ಸ್‌ಗೆ ಚುಚ್ಚಿದ್ದರು. "ಅಪ್ಪನ ಸೂಟ್‌ಕೇಸ್ ಪ್ಲೇಯರಿಗೆ ನಡುವೆ ಯಾವ ಡಬ್ಬಿಯೂ ಇರಲಿಲ್ಲವಲ್ಲ?" ಎಂದರು. ನಿಜ. ಆ ಪ್ಲೇಯರುಗಳಲ್ಲಿ ಇದ್ದದ್ದು ಸೆರಾಮಿಕ್ ಕಾರ್ಟ್ರಿಜ್. ಅದು ಒತ್ತಡಕ್ಕೆ ಸಿಕ್ಕಿ ನೂರಾರು ಮಿಲಿವೋಲ್ಟ್ ಕೊಡುತ್ತಿತ್ತು. ಭಾವನ ಹೊಸ ಟರ್ನ್‌ಟೇಬಲಿನಲ್ಲಿರುವುದು ಆಡಿಯೋ-ಟೆಕ್ನಿಕಾದ ವಿಎಂ95ಇ. ಇದರೊಳಗೆ ಮುಳ್ಳಿನ ಕಡ್ಡಿಯ ಹಿಂತುದಿಗೆ ಅಂಟಿದ ಆಯಸ್ಕಾಂತ ಅಲ್ಲಾಡಿ, ತಂತಿಯ ಸುರುಳಿಯಲ್ಲಿ ಹುಟ್ಟುವುದು ಸುಮಾರು 4 ಮಿಲಿವೋಲ್ಟ್ ಅಷ್ಟೇ. ಆಕ್ಸ್‌ಗೆ ಬೇಕಾದದ್ದು ಅದರ ನೂರು ಪಟ್ಟು. ಆ ನೂರು ಪಟ್ಟು ಹೆಚ್ಚಿಸುವ ಡಬ್ಬಿಯೇ ಫೋನೋ ಪ್ರೀಆಂಪ್.

ಹಾಗೆಂದು ಆಂಪ್ಲಿಫೈಯರಿನ ವಾಲ್ಯೂಮ್ ತಿರುಗಿಸಿದರೆ ಸಾಲದು. ರೆಕಾರ್ಡ್ ಕೆತ್ತುವಾಗಲೇ ತಗ್ಗು ಸ್ವರಗಳನ್ನು ಕುಗ್ಗಿಸಿ, ಹೆಚ್ಚು ಸ್ವರಗಳನ್ನು ಹಿಗ್ಗಿಸಿರುತ್ತಾರೆ. ಮೃದಂಗದ ಎಡಭಾಗದ ಗುಮ್ಕಿಯನ್ನು ಇದ್ದಷ್ಟೇ ಕೆತ್ತಿದರೆ ಗೀರು ಅತ್ತಿತ್ತ ಹಾವಿನಂತೆ ಹರಿದು ಪಕ್ಕದ ಗೀರಿಗೇ ನುಗ್ಗುತ್ತದೆ, ಒಂದು ಮಗ್ಗುಲಿಗೆ ಹಿಡಿಸುವ ಹಾಡುಗಳೂ ಕಡಿಮೆಯಾಗುತ್ತವೆ. ಹೀಗೆ ಕುಗ್ಗಿಸಿದ್ದನ್ನು ಕೇಳುವಾಗ ಅದೇ ಲೆಕ್ಕದಲ್ಲಿ ಮೇಲೆತ್ತಬೇಕು. ಆ ಲೆಕ್ಕ 1954ರಿಂದ ಆರ್‌ಐಎಎ ಎಂಬ ಹೆಸರಿನಲ್ಲಿ ಎಲ್ಲರಿಗೂ ಒಂದೇ. ಪ್ರೀಆಂಪ್ 20 ಹರ್ಟ್ಸ್‌ನ ಸ್ವರವನ್ನು ನಡು ಸ್ವರಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು ಎತ್ತುತ್ತದೆ, 20,000 ಹರ್ಟ್ಸ್‌ನದ್ದನ್ನು ಹತ್ತನೇ ಒಂದಕ್ಕೆ ಇಳಿಸುತ್ತದೆ. ಅದಿಲ್ಲದಿದ್ದರೆ ಉಳಿಯುವುದು ಭಾವ ಕೇಳಿದ ಸೊಳ್ಳೆ.

ಟರ್ನ್‌ಟೇಬಲಿನ ಹಿಂಬದಿ ನೋಡಿದರೆ ಪುಟ್ಟ ಸ್ವಿಚ್ ಒಂದಿತ್ತು: ಫೋನೋ, ಲೈನ್. ಅಂದರೆ ಪ್ರೀಆಂಪ್ ಒಳಗೇ ಇತ್ತು, ಸ್ವಿಚ್ ಮಾತ್ರ ಫೋನೋದಲ್ಲಿ ಕೂತಿತ್ತು. ಲೈನ್‌ಗೆ ಸರಿಸಿದ್ದೇ ತಡ, ಹಾಡು ತುಂಬಿಕೊಂಡು ಬಂತು. ಇದರ ಮೇಲೆ ಬೇರೊಂದು ಪ್ರೀಆಂಪ್ ಜೋಡಿಸಿದರೆ ಎರಡೆರಡು ಸಲ ಎತ್ತಿದಂತಾಗಿ ಸದ್ದು ಒಡೆದು ಗೊರಗೊರ ಎನ್ನುತ್ತದೆ. ಹೊರಗಿನ ಡಬ್ಬಿ ಬಳಸುವವರು ಸ್ವಿಚ್ಚನ್ನು ಫೋನೋದಲ್ಲೇ ಬಿಟ್ಟು, ಅರ್ತ್ ವೈರನ್ನು ಡಬ್ಬಿಯ ಹಿಂದಿನ ತಿರುಪಿಗೆ ಬಿಗಿಯಬೇಕು. ಅದು ಸಡಿಲವಾಗಿದ್ದರೆ ಹಾಡಿನ ಹಿಂದೆ ಕರೆಂಟಿನ ಗೂಂ ಸದ್ದು ನಿಲ್ಲುವುದೇ ಇಲ್ಲ.

ಭಾವನಿಗೆ ಅಲ್ಲಿಗೇ ಸಂತೋಷ. ಆದರೆ ಕಿವಿಗೊಟ್ಟು ಕೇಳಿದಾಗ ಎರಡು ದೋಷ ಉಳಿದಿದ್ದವು. ಗಾಯಕರು ದನಿ ಏರಿಸಿದ ಕಡೆಯೆಲ್ಲ ಸದ್ದು ಚೂರುಚೂರಾಗುತ್ತಿತ್ತು. ಜೊತೆಗೆ, ಮಗ್ಗುಲಿನ ಮೊದಲ ಹಾಡಿನಲ್ಲಿ ಸ್ಪಷ್ಟವಾಗಿದ್ದ 'ಸ'ಕಾರ ಕೊನೆಯ ಹಾಡಿಗೆ ಬರುವಷ್ಟರಲ್ಲಿ ಉಗುಳಿದಂತೆ 'ತ್ಸ' ಎನ್ನುತ್ತಿತ್ತು. ಮೊದಲನೆಯದು ಭಾರದ ದೋಷ, ಎರಡನೆಯದು ಕಾರ್ಟ್ರಿಜ್ ಕೂತ ಜಾಗದ ದೋಷ ಎಂದು ಅಂದಾಜು ಮಾಡಿದೆ.

ಈ ಕಾರ್ಟ್ರಿಜ್‌ಗೆ ತಯಾರಕರು ಹೇಳುವ ಭಾರ 2 ಗ್ರಾಂ. 1.8ರಿಂದ 2.2ರವರೆಗೆ ನಡೆಯುತ್ತದೆ. ಟರ್ನ್‌ಟೇಬಲಿನ ಗುರುತು 2 ಎಂದೇ ತೋರಿಸುತ್ತಿತ್ತು. ತಕ್ಕಡಿಯ ಮೇಲೆ ಮುಳ್ಳನ್ನು ಇಳಿಸಿದರೆ ಬಂದದ್ದು 1.5! "ಹೇಗೆ ಕೂಡಿಸಿದಿರಿ ಭಾವ?" ಎಂದು ಕೇಳಿದಾಗ ಗುಟ್ಟು ಹೊರಬಿತ್ತು. ಮುಳ್ಳು ಮುರಿದೀತೆಂಬ ಭಯಕ್ಕೆ ಅದರ ಪ್ಲಾಸ್ಟಿಕ್ ಮುಚ್ಚಳ ತೆಗೆಯದೆಯೇ ತೋಳನ್ನು ಸಮತೂಕಕ್ಕೆ ತಂದಿದ್ದರು. ಆಮೇಲೆ ಮುಚ್ಚಳ ತೆಗೆದಾಗ ಮುಂಭಾಗದಿಂದ ಅರ್ಧ ಗ್ರಾಂ ಹೋಯಿತು, ಗುರುತಿಗೆ ಅದು ಗೊತ್ತಿಲ್ಲ.

ಮತ್ತೆ ಮೊದಲಿನಿಂದ ಶುರುಮಾಡಿದೆವು. ಮುಚ್ಚಳ ತೆಗೆದು, ಆಂಟಿಸ್ಕೇಟಿಂಗ್ ಗುಂಡಿಯನ್ನು ಸೊನ್ನೆಗಿಟ್ಟು, ತೋಳು ತಕ್ಕಡಿಯ ದಂಡದಂತೆ ಗಾಳಿಯಲ್ಲಿ ಅಡ್ಡಡ್ಡ ತೇಲುವವರೆಗೆ ಹಿಂದಿನ ತೂಕದ ಗುಂಡನ್ನು ತಿರುಗಿಸಿದೆ. ಆಗ ಗುಂಡನ್ನು ಅಲ್ಲಾಡಿಸದೆ, ಅಂಕಿಗಳಿರುವ ಬಳೆಯನ್ನಷ್ಟೇ ಸೊನ್ನೆಗೆ ತರಬೇಕು. ಬಳಿಕ ಗುಂಡು, ಬಳೆ ಎರಡನ್ನೂ ಒಟ್ಟಿಗೆ 2ಕ್ಕೆ. ತಕ್ಕಡಿಯೂ 2.0 ಎಂದಿತು. ತಕ್ಕಡಿಯ ತಟ್ಟೆ ರೆಕಾರ್ಡಿನಷ್ಟೇ ಎತ್ತರದಲ್ಲಿರಬೇಕು, ಕಬ್ಬಿಣದ್ದಾಗಿರಬಾರದು. ಕಬ್ಬಿಣವಾದರೆ ಕಾರ್ಟ್ರಿಜ್‌ನ ಆಯಸ್ಕಾಂತ ಎಳೆದು ಅಂಕಿ ಸುಳ್ಳಾಗುತ್ತದೆ. "ಹಗುರ ಇದ್ರೆ ರೆಕಾರ್ಡಿಗೆ ಒಳ್ಳೇದಲ್ವಾ?" ಎಂದರು ಭಾವ. ಇಲ್ಲ. ಹಗುರಾದ ಮುಳ್ಳು ಗೀರಿನ ಗೋಡೆಗೆ ಅಂಟಿಕೊಳ್ಳದೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿದು ಬಡಿಯುತ್ತದೆ. ದನಿ ಏರಿದಾಗ ಕೇಳುತ್ತಿದ್ದ ಚೂರು ಸದ್ದು ಅದೇ.

ಇನ್ನು ಕೊನೆಯ ಹಾಡು. ರೆಕಾರ್ಡ್ ಕೆತ್ತುವ ಮುಳ್ಳು ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸಾಗುತ್ತದೆ. ನಮ್ಮ ಟರ್ನ್‌ಟೇಬಲಿನ ತೋಳು ಒಂದು ಮೂಲೆಗೆ ಕಟ್ಟಿಹಾಕಿದ್ದರಿಂದ ಬಾಗಿಲು ತೆರೆದಂತೆ ಬಿಲ್ಲಾಗಿ ಸಾಗುತ್ತದೆ. ಹಾಗಾಗಿ ಮುಳ್ಳು ಗೀರಿಗೆ ಪೂರ್ತಿ ನೇರವಾಗುವುದು ಹೆಚ್ಚೆಂದರೆ ಎರಡೇ ಕಡೆ. ಹೆಚ್ಚು ಬಳಕೆಯಲ್ಲಿರುವ ಬೇರ್‌ವಾಲ್ಡ್ ಲೆಕ್ಕದಲ್ಲಿ ಅವು ನಡುಗಂಬದಿಂದ 66 ಮತ್ತು 120.9 ಮಿಲಿಮೀಟರ್ ದೂರದಲ್ಲಿವೆ. ರಟ್ಟಿನ ಮೇಲಿದ್ದ ಚುಕ್ಕೆಗಳು ಇವೇ. ಒಳಗಿನ ಗೀರುಗಳಲ್ಲಿ ಸಣ್ಣ ಓರೆಯೂ ಏಕೆ ಕಿವಿಗೆ ಚುಚ್ಚುತ್ತದೆಂದರೆ, ಅಂಚಿನಲ್ಲಿ ಒಂದು ಸೆಕೆಂಡಿನ ಸಂಗೀತ ಸುಮಾರು 50 ಸೆಂಟಿಮೀಟರ್ ಗೀರಿನಲ್ಲಿ ಹರಡಿಕೊಂಡರೆ, ಕೊನೆಯ ಹಾಡಿನಲ್ಲಿ 20-21 ಸೆಂಟಿಮೀಟರಿನಲ್ಲಿ ಒತ್ತೊತ್ತಾಗಿ ಕೂತಿರುತ್ತದೆ.

ಕರೆಂಟು ತೆಗೆದು, ರಟ್ಟನ್ನು ನಡುಗಂಬಕ್ಕೆ ತೊಡಿಸಿ, ಮುಳ್ಳನ್ನು ಒಳಚುಕ್ಕೆಯ ಮೇಲೆ ಇಳಿಸಿದೆ. ಮನೆಯಲ್ಲಿ ಪ್ರಿಂಟ್ ತೆಗೆದ ರಟ್ಟಾದರೆ ಮೊದಲು ಸ್ಕೇಲಿನಿಂದ ಅಳೆಯಬೇಕು. ಪ್ರಿಂಟರ್ ಚಿತ್ರವನ್ನು ಕೊಂಚ ಕುಗ್ಗಿಸಿದರೂ ಚುಕ್ಕೆಗಳು ತಪ್ಪುತ್ತವೆ. ಮುಳ್ಳನ್ನು ಹೊತ್ತ ಕಡ್ಡಿ ಅಲ್ಲಿನ ಗೆರೆಗಳಿಗೆ ಓರೆಯಾಗಿತ್ತು. ಹೊರಚುಕ್ಕೆಯಲ್ಲೂ ಓರೆ, ಆದರೆ ಅರ್ಧದಷ್ಟು. ಎರಡೂ ಕಡೆ ಒಂದೇ ದಿಕ್ಕಿಗೆ ವಾಲಿ, ಒಳಗೆ ಹೆಚ್ಚಿದ್ದರೆ ಕಾರ್ಟ್ರಿಜ್ ಹಿಂದೆ ಮುಂದೆ ಸರಿದಿದೆ ಎಂದರ್ಥ. ಎರಡು ಸ್ಕ್ರೂ ಸಡಿಲಿಸಿ ಜರುಗಿಸುತ್ತಾ ಹೋದೆ. ಮೂರು ಮಿಲಿಮೀಟರ್ ಮುಂದಕ್ಕೆ ಬಂದಾಗ ಎರಡು ಚುಕ್ಕೆಯಲ್ಲೂ ಕಡ್ಡಿ ಗೆರೆಗೆ ಗೆರೆಯಾಗಿ ಕೂತಿತು. ಕಾರ್ಟ್ರಿಜ್ ಮುಂದಕ್ಕೆ ಬಂದರೆ ಭಾರವೂ ಬದಲಾಗುತ್ತದೆ. ತಕ್ಕಡಿ 2.1 ತೋರಿಸಿತು, ಮತ್ತೆ 2ಕ್ಕೆ ಇಳಿಸಿ ಆಂಟಿಸ್ಕೇಟಿಂಗ್ ಗುಂಡಿಯನ್ನೂ 2ಕ್ಕೆ ತಿರುಗಿಸಿದೆ. ತೋಳನ್ನು ನಡುವಿಗೆ ಜಗ್ಗುವ ಸೆಳೆತವನ್ನು ಅದು ತಡೆಹಿಡಿಯುತ್ತದೆ.

ಅದೇ ಕೊನೆಯ ಹಾಡು ಹಾಕಿದೆವು. 'ಸ' 'ಸ'ವಾಗಿಯೇ ಬಂತು. ಭಾವ ಒಂದೊಂದೇ ಎಲ್‌ಪಿ ತೆಗೆದು ಕೊನೆಯ ಹಾಡುಗಳನ್ನೇ ಹಾಕುತ್ತಾ ಹೋದರು. ಎಲ್ಲವೂ ಸರಿ, ಒಂದರ ಹೊರತು. ಅದರಲ್ಲಿ ಮೊದಲ ಹಾಡಿನಿಂದಲೇ ಒಡಕು. ಭಾರ, ಚುಕ್ಕೆ ಎರಡೂ ಸರಿಯಿದ್ದು, ಬೇರೆ ರೆಕಾರ್ಡುಗಳು ಚೆನ್ನಾಗಿದ್ದು, ಒಂದೇ ಒಂದು ಹೀಗೆ ಕೇಳಿದರೆ ದೋಷ ಗೀರಿನಲ್ಲೇ ಇದೆ. ಸೂಟ್‌ಕೇಸ್ ಪ್ಲೇಯರಿನ ಭಾರದ ಮುಳ್ಳು ಎಂದೋ ಉಜ್ಜಿಹಾಕಿದ್ದನ್ನು ಯಾವ ತಕ್ಕಡಿಯೂ ತಂದುಕೊಡದು. ಭಾವ ಆ ಕವರನ್ನು ತಿರುಗಿಸಿ ನೋಡಿ, "ಇದು ಅಪ್ಪ ದಿನಾ ಹಾಕ್ತಿದ್ದದ್ದು" ಎಂದರು.